ಮೂರು ವೃತ್ತಗಳು ಸೇರುವ ಜಾಗ

1897ರ ಜೂನ್ 12ರ ಸಂಜೆ ಅಸ್ಸಾಂ ಭೀಕರವಾಗಿ ಕಂಪಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಂ ಬಿರುಕುಗಳನ್ನೂ ಉರುಳಿದ ಗೋಡೆಗಳನ್ನೂ ದಾಖಲಿಸಿದರು. ಜೊತೆಗೆ ಸಾವಿರಾರು ಕಿಲೋಮೀಟರ್ ದೂರದ ಯುರೋಪಿನ ಯಂತ್ರಗಳು ಗೀಚಿದ ಗೆರೆಗಳನ್ನೂ ಪರಿಶೀಲಿಸಿದರು. ಒಂದೇ ಕಂಪನದ ಅಲೆಗಳು ಅಲ್ಲಿಗೆ ಒಟ್ಟಿಗೆ ತಲುಪಿರಲಿಲ್ಲ. ಬೇಗ ಬರುವ ಪಿ ಅಲೆ, ಅದರ ಹಿಂದಿನ ಎಸ್ ಅಲೆ, ಕೊನೆಗೆ ನೆಲದ ಮೇಲ್ಮೈಯಲ್ಲಿ ಸಾಗುವ ಅಲೆ ಎಂದು 1900ರಲ್ಲಿ ಅವರು ಇವನ್ನು ವಿಂಗಡಿಸಿ ತೋರಿಸಿದರು.

ಪಿ ಮತ್ತು ಎಸ್ ನಡುವಿನ ಸಮಯದ ಅಂತರ ದೂರ ಹೆಚ್ಚಿದಂತೆ ಬೆಳೆಯುತ್ತದೆ. ಕಂಪನ ಶುರುವಾದ ಕ್ಷಣ ಯಾರಿಗೂ ಗೊತ್ತಿಲ್ಲದಿದ್ದರೂ, ಕಂಪನ ದಾಖಲಿಸುವ ಕೇಂದ್ರದ ಗಡಿಯಾರ ತಪ್ಪು ಸಮಯ ತೋರಿಸುತ್ತಿದ್ದರೂ ಈ ಅಂತರ ಕೆಡುವುದಿಲ್ಲ. ಊರೂರಿನ ಗಡಿಯಾರಗಳು ಹೊಂದದಿದ್ದ ಆ ಕಾಲದಲ್ಲಿ ಇದೇ ದೊಡ್ಡ ಅನುಕೂಲ. ಟೋಕಿಯೊದ ಫುಸಾಕಿಚಿ ಒಮೊರಿ ಇದನ್ನು ಸರಳ ಗುಣಾಕಾರಕ್ಕೆ ಇಳಿಸಿದರು: ಹತ್ತಿರದ ಭೂಕಂಪಗಳಲ್ಲಿ ಅಂತರದ ಪ್ರತಿ ಸೆಕೆಂಡಿಗೆ ಸುಮಾರು 7.42 ಕಿ.ಮೀ.

ಈ ಗುಣಕ ಕಲ್ಲಿನ ಗುಣವನ್ನು ಅವಲಂಬಿಸುತ್ತದೆ. ಪಿ ಸೆಕೆಂಡಿಗೆ 6 ಕಿ.ಮೀ., ಎಸ್ 3.5 ಕಿ.ಮೀ. ಸಾಗುವ ನೆಲ ಎಂದಿಟ್ಟುಕೊಳ್ಳೋಣ. 84 ಕಿ.ಮೀ. ಕ್ರಮಿಸಲು ಪಿಗೆ 14 ಸೆಕೆಂಡು, ಎಸ್‌ಗೆ 24 ಬೇಕು, ಅಂತರ 10. ಎರಡನೇ ಕೇಂದ್ರದಲ್ಲಿ ಅಂತರ 15 ಇದ್ದರೆ ದೂರ 126 ಕಿ.ಮೀ., ಮೂರನೆಯದರಲ್ಲಿ 20 ಇದ್ದರೆ 168. ದೂರ ಗೊತ್ತಾಯಿತು, ದಿಕ್ಕು ಗೊತ್ತಾಗಲಿಲ್ಲ. ಆದ್ದರಿಂದ ನಕ್ಷೆಯಲ್ಲಿ ಪ್ರತಿ ಕೇಂದ್ರದ ಸುತ್ತ ವೃತ್ತ ಎಳೆಯಬೇಕು. ಎರಡು ವೃತ್ತಗಳು ಎರಡು ಕಡೆ ಸಂಧಿಸುತ್ತವೆ. ಯಾವುದು ನಿಜವೆಂದು ಮೂರನೆಯದು ಹೇಳುತ್ತದೆ.

ಆದರೆ ಮೂರೂ ಒಂದೇ ಬಿಂದುವಿನಲ್ಲಿ ಸೇರುವುದು ಅಪರೂಪ. ಪಿ ಅಲೆಯ ಬಾಲದಲ್ಲಿ ಎಸ್ ಅಡಗಿರುತ್ತದೆ. ಅದನ್ನು ಗುರುತಿಸುವಲ್ಲಿ ಒಂದು ಸೆಕೆಂಡು ತಪ್ಪಿದರೆ ವೃತ್ತ ಎಂಟು ಕಿ.ಮೀ.ಗೂ ಹೆಚ್ಚು ಸರಿಯುತ್ತದೆ. ಹೀಗಾಗಿ ಎಸ್ ಎದ್ದು ಕಾಣುವ, ಅಡ್ಡ ಅಲುಗಾಟದ ದಾಖಲೆಯನ್ನೇ ನೋಡುತ್ತಾರೆ.

ಇನ್ನೊಂದು ಕಾರಣ ಆಳ. ಲೆಕ್ಕಕ್ಕೆ ಸಿಗುವುದು ನೆಲದಡಿಯ ಮೂಲಕ್ಕೆ ಇರುವ ಓರೆ ದೂರ. ನಕ್ಷೆಯ ಮೇಲಿನ ದೂರ ಅದಕ್ಕಿಂತ ಕಡಿಮೆ. ಆಗ ವೃತ್ತಗಳು ಒಂದರ ಮೇಲೊಂದು ಹಾಯ್ದು, ನಡುವೆ ಜಾಗ ಉಳಿಯುತ್ತದೆ. ಪ್ರತಿ ಜೋಡಿ ವೃತ್ತಗಳು ಕತ್ತರಿಸುವ ಎರಡು ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿದರೆ, ಮೂರು ಗೆರೆಗಳು ಕೂಡುವಲ್ಲಿ ಅಧಿಕೇಂದ್ರ. ಅದು ಮೊದಲ ಕೇಂದ್ರದಿಂದ ನಕ್ಷೆಯಲ್ಲಿ 80 ಕಿ.ಮೀ. ಇದ್ದರೆ, ಓರೆ ದೂರ 84 ಆದ್ದರಿಂದ, ಪೈಥಾಗೊರಸ್ ಪ್ರಮೇಯದಂತೆ ಆಳ ಸುಮಾರು 26 ಕಿ.ಮೀ.

ಜಪಾನಿನ ಕಿಯೋ ವಾಡಾಟಿ ಹಿಡಿದದ್ದು ಈ ಎಳೆಯನ್ನೇ. ಕೆಲವು ಭೂಕಂಪಗಳಲ್ಲಿ ಅಧಿಕೇಂದ್ರಕ್ಕೆ ತೀರಾ ಹತ್ತಿರದ ಕೇಂದ್ರಗಳಲ್ಲೂ ಪಿ–ಎಸ್ ಅಂತರ ದೊಡ್ಡದಾಗಿಯೇ ಇತ್ತು. ದೂರವೆಲ್ಲ ಅಡ್ಡಡ್ಡವಲ್ಲ, ಕೆಳಕ್ಕಿದೆ ಎಂದು ಅವರು ಅರ್ಥ ಮಾಡಿಕೊಂಡರು. 300 ಕಿ.ಮೀ.ಗೂ ಆಳದಲ್ಲಿ ಭೂಕಂಪಗಳು ಹುಟ್ಟುತ್ತವೆ ಎಂದು 1928ರಲ್ಲಿ ತೋರಿಸಿಕೊಟ್ಟರು. ಮುಂದೆ, ಸಾಗರದ ತಳ ಭೂಗರ್ಭಕ್ಕೆ ಜಾರುವ ದಾರಿಯನ್ನು ಗುರುತಿಸಲು ಈ ಆಳದ ಭೂಕಂಪಗಳೇ ಆಧಾರವಾದವು.