ಜಾಲಿ ಕೊಯ್ಯುವ ಗರಗಸ ಸೊಟ್ಟ ಹೋಗುವುದೇಕೆ?

ಶಾಸನಗಳಲ್ಲಿ ‘ಕೋಗಳಿ ಐನೂರು’ ಎಂದು ಕರೆಸಿಕೊಂಡ ನಾಡಿನಲ್ಲಿ ಇಂದು ಯಾವ ದಿಕ್ಕಿಗೆ ಹೊರಟರೂ ಎದುರಾಗುವುದು ಬಳ್ಳಾರಿ ಜಾಲಿ. ಹೊಲದ ಬದು, ಹಳ್ಳದ ದಂಡೆ, ಬತ್ತಿದ ಕೆರೆಯಂಗಳ, ಎಲ್ಲಿ ನೋಡಿದರೂ ಅದೇ. ಅಮೆರಿಕ ಖಂಡದಿಂದ ಬಂದ ಈ ಗಿಡವನ್ನು 1877ರ ಸುಮಾರಿಗೆ ಕಡಪ ಜಿಲ್ಲೆಯಲ್ಲಿ ನೆಟ್ಟರು. ಬರಗಾಲಕ್ಕೆ ಸೌದೆಯಾದೀತು ಎಂದು ಬೆಳೆಸಿದ್ದು ಈಗ ಉಳುವ ನೆಲವನ್ನೇ ನುಂಗುತ್ತಿದೆ. ಒಲೆಗೆ, ಇದ್ದಿಲಿಗೆ, ಇಟ್ಟಿಗೆ ಭಟ್ಟಿಗೆ ಎಂದು ಇದನ್ನು ಕಡಿಯುವ ಕೆಲಸ ಬೇಸಿಗೆಯುದ್ದಕ್ಕೂ ನಡೆಯುತ್ತದೆ. ಕೊಡಲಿಯ ಜಾಗಕ್ಕೆ ಮರ ಕೊಯ್ಯುವ ಮಷಿನ್, ಅಂದರೆ ಚೈನ್‌ಸಾ, ಬಂದಿದೆ.

ಆ ಮಷಿನ್ನಿನ ಬಗ್ಗೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ಕೊಯ್ತ ನೆಟ್ಟಗೆ ಇಳಿಯದೆ ಒಂದೇ ಮಗ್ಗುಲಿಗೆ ಬಾಗುತ್ತದೆ, ಮರದಿಂದ ಹೊಗೆ ಏಳುತ್ತದೆ, ಚೈನು ಬೇಗ ಮೊಂಡಾಗುತ್ತದೆ. ಕೊಟ್ಟೂರು ಕಡೆಯ ಒಬ್ಬ ಮರ ಕಡಿಯುವವರ ಮಾತಿನಲ್ಲೇ ಹೇಳುವುದಾದರೆ: “ಹೊಸಾ ಚೈನ್ ಹಾಕೀನ್ರಿ, ನಾಕು ಬೊಡ್ಡಿ ಕೊಯ್ಯೋದ್ರಾಗ ಮೊಂಡಾತು. ಚೈನ್ ಕೊಟ್ಟಾವ ಮೋಸ ಮಾಡ್ಯಾನೋ ಏನೋ.” ಚೈನು ಮಾರಿದವರದು ಇಲ್ಲಿ ತಪ್ಪಿರುವುದು ಅಪರೂಪ. ಈ ಮೂರೂ ದೂರುಗಳು ಒಂದರಿಂದ ಒಂದು ಹುಟ್ಟುವಂಥವು. ಹುಡುಕಬೇಕಾದ ಕ್ರಮ ಎಣ್ಣೆ ಮೊದಲು, ಬಾರ್ ಆಮೇಲೆ, ಹಲ್ಲು ಕೊನೆಗೆ. ಬಹುತೇಕರು ಮಾಡುವುದು ಇದರ ತಿರುಗಾಮುರುಗ. ಎಣ್ಣೆಯಿಲ್ಲದ, ಸವೆದ ಬಾರಿನ ಮೇಲೆ ಹೊಸ ಚೈನು ಕೂರಿಸುತ್ತಾರೆ, ಅದೂ ಹಾಳಾಗುತ್ತದೆ.

ಆ ಕೊಟ್ಟೂರಿನವರ ಮಷಿನ್ ನಮ್ಮ ಭಾಗದಲ್ಲಿ ಎಲ್ಲೆಡೆ ಕಾಣುವ ಬಗೆಯದು. 58 ಸಿಸಿ ಎಂಜಿನ್, 22 ಇಂಚಿನ ಬಾರ್. ಹೊಗೆ ಬರುತ್ತಿದ್ದುದು ಸೈಲೆನ್ಸರಿನಿಂದಲ್ಲ, ಕೊಯ್ತದ ಬಾಯಿಂದ. ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಸೈಲೆನ್ಸರಿನ ನೀಲಿ ಹೊಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್ಲಿನ ವಿಷಯ. ಮರದೊಳಗಿಂದ ಸುಟ್ಟ ವಾಸನೆಯೊಂದಿಗೆ ಏಳುವ ಹೊಗೆ ಚೈನು ಮತ್ತು ಬಾರ್ ಒಣಗಿ ಉಜ್ಜುತ್ತಿರುವುದರದ್ದು, ಇಲ್ಲವೇ ಮೊಂಡ ಹಲ್ಲು ಮರವನ್ನು ಕತ್ತರಿಸದೆ ಬರೀ ತಿಕ್ಕುತ್ತಿರುವುದರದ್ದು.

ಎಣ್ಣೆಯ ಪರೀಕ್ಷೆಗೆ ಒಂದು ಹಳೇ ಪೇಪರ್ ಸಾಕು. ಅದನ್ನು ನೆಲಕ್ಕೆ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟು, ಬಾರಿನ ತುದಿಯನ್ನು ಒಂದು ಗೇಣು ಮೇಲೆ ಹಿಡಿದು ಅರ್ಧ ನಿಮಿಷ ಎಕ್ಸಿಲರೇಟರ್ ಕೊಡಬೇಕು. ಪೇಪರಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿದರೆ ಸರಿ. ಇವರ ಮಷಿನ್ನಿನಲ್ಲಿ ಒಂದು ಹನಿಯೂ ಬೀಳಲಿಲ್ಲ. ಇನ್ನೊಂದು ಗುರುತೂ ಇತ್ತು: ಪೆಟ್ರೋಲ್ ಟ್ಯಾಂಕು ಬರಿದಾಗಿದ್ದರೂ ಚೈನ್ ಆಯಿಲ್ಲಿನ ಟ್ಯಾಂಕು ತುಂಬಿದ್ದಂತೆಯೇ ಇತ್ತು. ಪಂಪು ಸರಿಯಿದ್ದರೆ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಆ ಎಣ್ಣೆಯೂ ತಳಕ್ಕೆ ಬಂದಿರಬೇಕು.

ಎಂಜಿನ್ ಆರಿಸಿ, ಪ್ಲಗ್ಗಿನ ಕ್ಯಾಪ್ ಕಿತ್ತು, ಪಕ್ಕದ ಕವರ್ ಬಿಚ್ಚಿದಾಗ ಒಳಗೆ ಕಂಡದ್ದು ಮರದ ಹೊಟ್ಟು ಮತ್ತು ಎಣ್ಣೆ ಸೇರಿ ಗಟ್ಟಿಯಾದ ಕರೀ ಮೆತ್ತು. ಬಾರಿನ ಹಿಂಬದಿಯಲ್ಲಿ ಎಣ್ಣೆ ಒಳಹೋಗಲೆಂದೇ ಇರುವ ಚಿಕ್ಕ ತೂತು ಮುಚ್ಚಿಹೋಗಿತ್ತು. ಸಣ್ಣ ತಂತಿ ಹಾಕಿ ಅದನ್ನು ಬಿಡಿಸಿ, ಬಾರಿನ ಅಂಚಿನುದ್ದಕ್ಕೂ ಇರುವ ಸೀಳನ್ನು ಹಿಂದಿನಿಂದ ಮುಂದಕ್ಕೆ ತಗಡಿನ ಚೂರಿನಿಂದ ಕೆರೆದಾಗ ಸಾಕಷ್ಟು ಹೊಟ್ಟು ಹೊರಬಿತ್ತು. ಎಣ್ಣೆ ಹರಿಯಬೇಕಾದ ದಾರಿಯೇ ಆ ಸೀಳು. ತೂತು ತೆರೆದು ಸೀಳು ಕಟ್ಟಿಕೊಂಡಿದ್ದರೂ ಬಾರಿನ ತುದಿ ಒಣಗುತ್ತದೆ.

ಬಾರ್ ಶುಚಿ ಮಾಡಿದ ಮೇಲೂ ಎಣ್ಣೆ ಬರದಿದ್ದರೆ ಬಾರ್ ಮತ್ತು ಚೈನು ಎರಡನ್ನೂ ತೆಗೆದಿಟ್ಟು, ಕೈಯನ್ನು ಕ್ಲಚ್ಚಿನಿಂದ ದೂರವಿಟ್ಟು, ಎಂಜಿನ್ ಓಡಿಸಿ ನೋಡಬೇಕು. ಬಾಡಿಯ ಮೇಲಿನ ಎಣ್ಣೆ ತೂತಿನಿಂದ ಎಣ್ಣೆ ಒಸರಿದರೆ ಪಂಪು ಚೆನ್ನಾಗಿದೆ. ಒಸರದಿದ್ದರೆ ದೋಷ ಒಳಗಿದೆ: ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು, ರಬ್ಬರ್ ಪೈಪ್ ಒಡೆದಿರಬಹುದು, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿರಬಹುದು, ಅಥವಾ ಪಂಪನ್ನು ತಿರುಗಿಸುವ ಗೇರ್ ಸವೆದಿರಬಹುದು. ಅಗ್ಗದ ಮಷಿನ್ನುಗಳಲ್ಲಿ ಈ ಗೇರ್ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಸವೆದರೆ ಬದಲಾಯಿಸುವುದೊಂದೇ ದಾರಿ.

ಇಷ್ಟಕ್ಕೆಲ್ಲ ಮೂಲ ಟ್ಯಾಂಕಿಗೆ ಹಾಕುವ ಎಣ್ಣೆ. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆಂದು ಅದನ್ನೇ ಸುರಿಯುವುದು ನಮ್ಮಲ್ಲಿ ರೂಢಿ. ಅದರಲ್ಲಿ ಎಂಜಿನ್ನಿನ ಲೋಹದ ಪುಡಿ, ಮಸಿ ಇರುತ್ತವೆ. ಅವು ಫಿಲ್ಟರನ್ನೂ ತೂತನ್ನೂ ಕಟ್ಟುತ್ತವೆ. ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುವ ಚೈನಿನ ಮೇಲೆ ಆ ತೆಳುವಾದ ಎಣ್ಣೆ ನಿಲ್ಲುವುದಿಲ್ಲ. ಬಾರಿನ ತುದಿ ತಿರುಗುವಲ್ಲೇ ಸಿಡಿದು ಹೋಗುತ್ತದೆ, ಕೊಯ್ಯುವವರ ಕೈಗೆ, ಮುಖಕ್ಕೆ ಸಿಡಿಯುವುದೂ ಅದೇ. ಸುಟ್ಟ ಆಯಿಲ್ ದಿನವೂ ಚರ್ಮಕ್ಕೆ ತಾಗುವುದು ಕ್ಯಾನ್ಸರಿಗೆ ದಾರಿಯಾಗಬಲ್ಲದು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದಕ್ಕೆಂದೇ ಸಿಗುವ ಅಂಟುಗುಣದ ಚೈನ್ ಆಯಿಲ್ ಒಳ್ಳೆಯದು. ಸಿಗದಿದ್ದರೆ ಬಳಸದ ಹೊಸ ಎಂಜಿನ್ ಆಯಿಲ್ ನಡೆಯುತ್ತದೆ.

ಇನ್ನು ಬಾರ್. ಎಣ್ಣೆಯಿಲ್ಲದೆ ಓಡಿದ ಚೈನು ಬಾರಿನ ಎರಡು ಅಂಚುಗಳನ್ನು ಒಂದೇ ಸಮನೆ ತಿನ್ನುವುದಿಲ್ಲ. ಇದನ್ನು ತಿಳಿಯಲು ಬಾರನ್ನು ತೊಳೆದು, ಮಟ್ಟಸವಾದ ಗಾಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ ನೋಡಿ. ನೆಟ್ಟಗೆ ನಿಂತರೆ ಅಂಚುಗಳು ಸಮ; ಒಂದು ಕಡೆಗೆ ವಾಲಿದರೆ ಆ ಕಡೆಯ ಅಂಚು ತಗ್ಗಿದೆ. ಬಡಗಿಯ ಮೂಲೆಮಟ್ಟ ಇಟ್ಟರೂ ತಿಳಿಯುತ್ತದೆ. ಕೊಟ್ಟೂರಿನವರ ಬಾರ್ ಕಣ್ಣಿಗೆ ಕಾಣುವಷ್ಟು ವಾಲಿತು. ಅಂಚಿನ ಮೇಲೆ ಬೆರಳಾಡಿಸಿದಾಗ ಬದಿಗೆ ಚಾಚಿದ ಚೂಪು ಮುಳ್ಳುಗಳೂ ಸಿಕ್ಕವು. ಚಪ್ಪಟೆ ಅರವನ್ನು ಬಾರಿಗೆ ನೇರ ಕೋನದಲ್ಲಿ ಹಿಡಿದು ಎರಡೂ ಅಂಚು ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜಿದರು, ಮುಳ್ಳುಗಳನ್ನು ಬದಿಯಿಂದ ತೆಗೆದರು.

ಸೀಳು ಅಗಲವಾಗಿದ್ದರೆ ಮಾತ್ರ ಅರದಿಂದ ಪ್ರಯೋಜನವಿಲ್ಲ. ಬಾರಿನ ಮೇಲೆ ಕೂತ ಚೈನನ್ನು ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಅದು ಪಕ್ಕಕ್ಕೆ ವಾಲಿದರೆ ಸೀಳು ಸವೆದಿದೆ ಎಂದರ್ಥ. ವಾಲಿದ ಚೈನು ವಾಲಿದಂತೆಯೇ ಕೊಯ್ಯುತ್ತದೆ, ಹಲ್ಲು ಎಷ್ಟೇ ಚೂಪಾಗಿದ್ದರೂ ಸರಿ. ಅಂಚುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರಿದ್ದಾರೆ. ಅದು ಹೆಚ್ಚು ದಿನ ಬಾಳುವುದಿಲ್ಲ. ಅಂಚು ಸವೆದು ಚೈನಿನ ಒಳನಾಲಿಗೆ ಸೀಳಿನ ತಳಕ್ಕೆ ತಾಗುವಂತಾದರೂ ಬಾರ್ ಬದಲಿಸಬೇಕು. ಒಳ್ಳೆಯ ಬಾರ್ ಬಾಳಿಕೆ ಬರಲು ಚೈನು ಮಸೆದಾಗಲೆಲ್ಲ ಅದನ್ನು ಮೇಲುಕೆಳಗು ಮಾಡಿ ಹಾಕುವುದು ಸುಲಭದ ಉಪಾಯ. ಆಗ ಇನ್ನೊಂದು ವಿಷಯವೂ ತಿಳಿಯುತ್ತದೆ. ಬಾರ್ ತಿರುಗಿಸಿ ಹಾಕಿದೊಡನೆ ಕೊಯ್ತದ ಸೊಟ್ಟ ಬದಲಾದರೆ ದೋಷ ಬಾರಿನದು. ಮೊದಲಿನ ಕಡೆಗೇ ಬಾಗಿದರೆ ಚೈನಿನದು.

ಇವರ ಮಷಿನ್ನು ಬಾರ್ ತಿರುಗಿಸಿ ಹಾಕಿದ ಮೇಲೂ ಬಲಕ್ಕೇ ಬಾಗುತ್ತಿತ್ತು. ವರ್ನಿಯರ್‌ನಿಂದ ಅಳೆದಾಗ ಬಲಗಡೆಯ ಹಲ್ಲುಗಳು ಸುಮಾರು 8 ಮಿ.ಮೀ., ಎಡಗಡೆಯವು ಆರೂವರೆ. ಮಸೆಯುವಾಗ ಒಂದು ಬದಿಗೆ ಕೈಯ ಬಲ ಹೆಚ್ಚು ಬೀಳುವುದು ಸಹಜ. ಎಡಗಡೆಯ ಹಲ್ಲು ಹೆಚ್ಚು ಉಜ್ಜಿಹೋಗಿ ಗಿಡ್ಡವಾಗಿತ್ತು, ಕೋನವೂ ಬೇರೆಯಾಗಿತ್ತು. ಉದ್ದವಾದ, ಚೂಪಾದ ಹಲ್ಲು ಹೆಚ್ಚು ಕಚ್ಚುವುದರಿಂದ ಕೊಯ್ತ ಆ ಕಡೆಗೇ ಎಳೆಯುತ್ತದೆ. ಆದ್ದರಿಂದ ಅತ್ಯಂತ ಗಿಡ್ಡ ಹಲ್ಲನ್ನು ಅಳತೆಗಿಟ್ಟುಕೊಂಡು ಉಳಿದವನ್ನೆಲ್ಲ ಅದರ ಸಮಕ್ಕೆ ತರಬೇಕು. ಮನಸ್ಸಿಗೆ ಕಷ್ಟವಾಗುತ್ತದೆ, ಉಳಿದಿರುವ ಉಕ್ಕನ್ನು ಕೈಯಾರೆ ತೆಗೆಯಬೇಕಲ್ಲ. ಬೇರೆ ದಾರಿಯಿಲ್ಲ.

ಈ ಬಗೆಯ ಚೈನಿಗೆ 4.8 ಮಿ.ಮೀ. ದುಂಡು ಅರ ಬೇಕು. ಗಾತ್ರ ತಪ್ಪಿದರೆ ಹಲ್ಲಿನ ಬಾಯಿ ಹಾಳಾಗುತ್ತದೆ. ಅರವನ್ನು ಬಾರಿಗೆ ಅಡ್ಡಲಾಗಿ ಇಟ್ಟು, ಅಲ್ಲಿಂದ 30 ಡಿಗ್ರಿ ಓರೆಗೆ ತಿರುಗಿಸಬೇಕು. ಹಲ್ಲಿನ ಮೇಲೆ ಕಂಪನಿಯವರು ಕೊರೆದ ಗೆರೆ ಇದ್ದರೆ ಅದನ್ನೇ ಹಿಡಿಯಬೇಕು. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲಿರಲಿ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿಗೆ ಹೋಗಬೇಕು, ಪ್ರತಿ ಹಲ್ಲಿಗೂ ಅಷ್ಟೇ ಸಲ. ಮುಗಿಯಿತೇ ಎಂದು ನೋಡುವುದು ಬಿಸಿಲಿನಲ್ಲಿ. ಮೊಂಡ ಬಾಯಿ ಬೆಳಕಿಗೆ ಬಿಳೀ ಗೆರೆಯಾಗಿ ಹೊಳೆಯುತ್ತದೆ, ಚೂಪಾದ ಬಾಯಿ ಹೊಳೆಯುವುದಿಲ್ಲ. ಕಲ್ಲಿಗೆ ತಾಗಿ ಹಲ್ಲಿನ ಮೂಲೆ ದುಂಡಾಗಿದ್ದರೆ ಆ ಹಾಳಾದ ಭಾಗ ಪೂರ್ತಿ ಹೋಗುವವರೆಗೆ ಮಸೆಯಬೇಕು. ಅರ್ಧಕ್ಕೆ ಬಿಟ್ಟ ಹಲ್ಲೇ ‘ಮಸೆದರೂ ಬೇಗ ಮೊಂಡಾಗುವ’ ಹಲ್ಲು. ಸಾಣೆಚಕ್ರದಲ್ಲಿ ಒತ್ತಿ ಹಿಡಿದು ನೀಲಿ ಬಣ್ಣಕ್ಕೆ ತಿರುಗಿಸಿದ ಹಲ್ಲಿನ ಹದವೂ ಕೆಟ್ಟಿರುತ್ತದೆ.

ಹಲ್ಲಿನ ಮುಂದೆ ಇರುವ ಗುಬ್ಬನ್ನು ಅನೇಕರು ಮುಟ್ಟುವುದೇ ಇಲ್ಲ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಅದು. ಹಲ್ಲಿನ ನೆತ್ತಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲು ಸವೆದು ತಗ್ಗಿದಂತೆ ಈ ಅಂತರ ಕಡಿಮೆಯಾಗಿ, ಚೂಪಾದ ಚೈನೂ ಬರೀ ಹಿಟ್ಟನ್ನು ಉದುರಿಸುತ್ತದೆ. ಹಾಗೆಂದು ಗೇಜ್ ಇಲ್ಲದೆ ಅಂದಾಜಿನಲ್ಲಿ ಉಜ್ಜಿ ಬಹಳ ತಗ್ಗಿಸಿದರೆ ಚೈನು ಮರವನ್ನು ಗಬಕ್ಕನೆ ಹಿಡಿದು ಬಾರ್ ಮುಖದ ಕಡೆಗೆ ಚಿಮ್ಮುವ ಅಪಾಯವಿದೆ.

ಇಷ್ಟಾದ ಮೇಲೆ ಅದೇ ಮಷಿನ್ನನ್ನು ಜಾಲಿಯ ಬೊಡ್ಡೆಗೆ ಹಚ್ಚಿದಾಗ ಕೊಯ್ತ ನೆಟ್ಟಗೆ ಇಳಿಯಿತು. ಹಿಟ್ಟಿನ ಬದಲು ಉಗುರಗಲದ ಚಕ್ಕೆ ಹಾರಿತು, ಹೊಗೆ ಕಾಣಲಿಲ್ಲ.

ಆದರೂ ಈ ಸೀಮೆಯಲ್ಲಿ ಚೈನು ಬೇಗ ಸವೆಯಲು ಇನ್ನೊಂದು ಕಾರಣವಿದೆ, ಅದು ಕೊಯ್ಯುವ ರೀತಿ. ಜಾಲಿ ಮತ್ತೆ ಚಿಗುರಬಾರದೆಂದು ಜನ ಬೊಡ್ಡೆಯನ್ನು ನೆಲಕ್ಕೆ ಹತ್ತಿಸಿ, ಕೆಲವೊಮ್ಮೆ ಮಣ್ಣೊಳಗೇ ಬಾರ್ ಇಳಿಸಿ ಕೊಯ್ಯುತ್ತಾರೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮರಳುಮಣ್ಣಿನ ತುಂಬ ಬೆಣಚುಕಲ್ಲಿನ ಕಣಗಳು. ಬೆಣಚು ಉಕ್ಕಿಗಿಂತ ಗಟ್ಟಿ. ಒಂದೆರಡು ಸೆಕೆಂಡ್ ತಾಗಿದರೂ ಹಲ್ಲಿನ ಬಾಯಿ ಹೋದಂತೆಯೇ. ಇಷ್ಟು ನಷ್ಟ ಮಾಡಿಕೊಂಡರೂ ಜಾಲಿ ಸಾಯುವುದಿಲ್ಲ, ಅದು ಚಿಗುರುವುದು ನೆಲದೊಳಗಿನ ಗಂಟಿನಿಂದ. ಗೇಣೆತ್ತರ ಬಿಟ್ಟು, ಕೊಯ್ಯುವ ಜಾಗದ ಧೂಳು ಹಿಡಿದ ತೊಗಟೆಯನ್ನು ಮೊದಲು ಕೊಡಲಿಯಿಂದ ಸವರಿ ಮಷಿನ್ ಹಚ್ಚಿ. ಉಳಿದ ಮೋಟನ್ನು ಗುದ್ದಲಿ, ಹಾರೆಯಿಂದಲೋ ಜೆಸಿಬಿಯಿಂದಲೋ ಗಂಟಿನ ಸಮೇತ ಕೀಳಿಸಬೇಕು.