ಅಂಕಪಟ್ಟಿಗೆ ಗೆರೆ ಎಲ್ಲಿ ಎಳೆಯಬೇಕು?

ಪೂರ್ವಸಿದ್ಧತಾ ಪರೀಕ್ಷೆಯ ಪೇಪರು ತಿದ್ದಿ ಮುಗಿದ ಮೇಲೆ ಶಿಕ್ಷಕರಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಯಾವ ಗುಂಪಿನಲ್ಲಿ ಎಷ್ಟು ಮಕ್ಕಳು ಎಂಬ ಪಟ್ಟಿ ಮಾಡಿ ಮುಖ್ಯಾಧ್ಯಾಪಕರಿಗೆ ಕೊಡಬೇಕು. ಗಣಿತದ ಪುಸ್ತಕದಲ್ಲಿ ಇದರ ಹೆಸರು ಆವೃತ್ತಿ ವಿತರಣಾ ಪಟ್ಟಿ. ಗುಂಪಿಗೆ ವರ್ಗಾಂತರ ಎನ್ನುತ್ತಾರೆ, ಗುಂಪಿನಲ್ಲಿರುವ ಮಕ್ಕಳ ಸಂಖ್ಯೆಗೆ ಆವೃತ್ತಿ. ಎಣಿಸುವುದು ಕಷ್ಟವಲ್ಲ. ಗುಂಪಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಪಟ್ಟಿ ಹೇಳುವ ಕಥೆಯೇ ಬದಲಾಗುತ್ತದೆ, ಪೇಚು ಇರುವುದು ಅಲ್ಲಿ.

ಧಾರವಾಡದ ಒಂದು ಹತ್ತನೇ ತರಗತಿ ಎಂದಿಟ್ಟುಕೊಳ್ಳೋಣ. ಹಾಜರಿಯಲ್ಲಿ 32 ಹೆಸರು, ಪರೀಕ್ಷೆಗೆ ಕೂತವರು 30. ನೂರಕ್ಕೆ ಬಂದ ಅಂಕಗಳು ಹೀಗಿವೆ:

42, 35, 67, 28, 50, 36, 81, 35, 59, 40, 73, 35, 19, 48, 90, 38, 62, 35, 55, 31, 70, 44, 36, 85, 52, 60, 33, 47, 76, 39

ಎಲ್ಲರೂ ಮೊದಲು ಮಾಡುವುದು ಹತ್ತತ್ತರ ಗುಂಪು: 10–20, 20–30, 30–40. ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: ‘ಸರ್, 50 ತಗೊಂಡಾಂವ ಯಾವ ಗುಂಪಿಗೆ ಹೋಗ್ತಾನ್ರಿ?’ ಪ್ರಶ್ನೆ ಸರಿಯಾಗಿದೆ. 40–50, 50–60 ಎರಡರಲ್ಲೂ 50 ಬರೆದಿದೆ. ನಮ್ಮ ಪಟ್ಟಿಯಲ್ಲಿ 40, 50, 60, 70, 90 ಪಡೆದವರು ಒಬ್ಬೊಬ್ಬರಿದ್ದಾರೆ. ಅವರನ್ನು ಎರಡೂ ಕಡೆ ಎಣಿಸಿದರೆ ಮೊತ್ತ 35 ಆಗುತ್ತದೆ, ತಪ್ಪು ತಾನೇ ಸಿಕ್ಕಿಬೀಳುತ್ತದೆ. ಆದರೆ ಒಬ್ಬ ಶಿಕ್ಷಕರು 50ನ್ನು ಕೆಳಗಿನ ಗುಂಪಿಗೂ ಇನ್ನೊಬ್ಬರು ಮೇಲಿನದಕ್ಕೂ ಹಾಕಿದರೆ ಇಬ್ಬರದೂ ಮೊತ್ತ 30 ಬರುತ್ತದೆ. ಎ ವಿಭಾಗ, ಬಿ ವಿಭಾಗ ಹೋಲಿಸುವಾಗ ಮಾತ್ರ ಲೆಕ್ಕ ಕೂಡುವುದಿಲ್ಲ. ಅದಕ್ಕೇ ರೂಢಿ ಏನೆಂದರೆ ಕೆಳಮಿತಿ ಗುಂಪಿಗೆ ಸೇರುತ್ತದೆ, ಮೇಲ್ಮಿತಿ ಸೇರುವುದಿಲ್ಲ. ಹಾಗಾಗಿ 50 ಪಡೆದವನು 50–60ಕ್ಕೆ ಹೋಗುತ್ತಾನೆ. ಈ ರೂಢಿಗೆ ಒಂದು ತೂತೂ ಇದೆ: ನೂರಕ್ಕೆ ನೂರು ತೆಗೆದ ಜಾಣೆಗೆ 90–100ರಲ್ಲಿ ಜಾಗವೇ ಇಲ್ಲ. ಕೊನೆಯ ಗುಂಪಿಗೆ 100 ಸೇರಿದೆ ಎಂದು ಬಾಯಿಬಿಟ್ಟು ಬರೆಯಬೇಕು.

ಎಣಿಸುವಾಗ ಒಂದೊಂದು ಗುಂಪಿಗೂ ಇಡೀ ಪಟ್ಟಿಯನ್ನು ಮತ್ತೆ ಮತ್ತೆ ಹುಡುಕಬೇಡಿ. ಪಟ್ಟಿಯಲ್ಲಿ ಒಂದೇ ಸಲ ಮೊದಲಿನಿಂದ ಕೊನೆಯವರೆಗೆ ಹೋಗಿ, ಓದಿದ ಅಂಕಕ್ಕೆ ಪೆನ್ಸಿಲಿನಿಂದ ಗೀಟು ಹಾಕಿ, ಅದರ ಗುಂಪಿನೆದುರು ಒಂದು ತಾಳೆ ಗುರುತು ಎಳೆಯಿರಿ. ಐದನೆಯದನ್ನು ನಾಲ್ಕರ ಮೇಲೆ ಅಡ್ಡಡ್ಡ ಎಳೆದರೆ ಕೊನೆಗೆ ಐದೈದಾಗಿ ಎಣಿಸಬಹುದು.

| ವರ್ಗಾಂತರ | ಆವೃತ್ತಿ |
|---|---|
| 10–20 | 1 |
| 20–30 | 1 |
| 30–40 | 10 |
| 40–50 | 5 |
| 50–60 | 4 |
| 60–70 | 3 |
| 70–80 | 3 |
| 80–90 | 2 |
| 90–100 | 1 |

ಮೊತ್ತ 30, ಲೆಕ್ಕ ಸರಿ. ಆದರೆ ಮುಖ್ಯಾಧ್ಯಾಪಕರು ಕೇಳುವ ಮೊದಲ ಪ್ರಶ್ನೆಗೇ ಈ ಪಟ್ಟಿಯಲ್ಲಿ ಉತ್ತರವಿಲ್ಲ: ನಪಾಸಾದವರು ಎಷ್ಟು? ಬಹುಕಾಲ ನಡೆದು ಬಂದ 35ರ ನಿಯಮ ಹಿಡಿದರೆ ಪಾಸಿನ ಗೆರೆ 30–40ರ ನಟ್ಟನಡುವೆ ಹಾಯುತ್ತದೆ. ಆ ಹತ್ತು ಮಂದಿಯಲ್ಲಿ 31, 33 ಪಡೆದ ಇಬ್ಬರು ಆಚೆ, ಎಂಟು ಮಂದಿ ಈಚೆ. ಪಟ್ಟಿ ಅವರನ್ನೆಲ್ಲ ಒಂದೇ ಮನೆಯಲ್ಲಿ ಕೂಡಿಸಿ ಬಾಗಿಲು ಹಾಕಿಬಿಟ್ಟಿದೆ. ಐದೈದರ ಗುಂಪು ಮಾಡಿದರೆ ಬೇರೆಯೇ ಚಿತ್ರ ಕಾಣುತ್ತದೆ: 30–34ರಲ್ಲಿ 2, 35–39ರಲ್ಲಿ 8, 40–44ರಲ್ಲಿ 3. ಗೆರೆ ದಾಟಿದ ಕೂಡಲೇ ಗುಡ್ಡೆ ಬಿದ್ದಿದೆ.

ಇಂಥ ಗುಡ್ಡೆ ಕಂಡರೆ ಅನುಭವಿ ಶಿಕ್ಷಕರಿಗೆ ಅಚ್ಚರಿಯಾಗುವುದಿಲ್ಲ. 33 ಬಂದ ಪೇಪರನ್ನು ಇನ್ನೊಮ್ಮೆ ನೋಡಿ ಎರಡು ಅಂಕ ಹುಡುಕುವುದು ಮನುಷ್ಯಸಹಜ. ಕೃಪಾಂಕವೂ ಮಾಡುವುದು ಅದನ್ನೇ, ಗೆರೆಯ ಕೆಳಗಿದ್ದವರನ್ನು ಗೆರೆಯ ಮೇಲಕ್ಕೆ ತಂದು ನಿಲ್ಲಿಸುತ್ತದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಮಂಡಳಿ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿತ್ತು. ಆದ್ದರಿಂದ 35–39ರ ಎಂಟು ಮಂದಿಯನ್ನು ‘ಪಾಸಾದವರು’ ಎಂದು ಪಕ್ಕಕ್ಕಿಡುವುದಕ್ಕಿಂತ, ವಾರ್ಷಿಕ ಪರೀಕ್ಷೆಯಲ್ಲಿ ಜಾರಬಹುದಾದವರು ಎಂದು ಓದುವುದು ಜಾಣತನ. ವಿಶೇಷ ತರಗತಿಗೆ ಮೊದಲು ಕರೆಯಬೇಕಾದವರು ಇವರೇ.

ಪಾಸಿನ ಗೆರೆ ಬದಲಾದರೆ ಗುಂಪೂ ಬದಲಾಗಬೇಕು. 2025-26ರಿಂದ ಎಸ್‌ಎಸ್‌ಎಲ್‌ಸಿಗೆ ಒಟ್ಟಾರೆ ಶೇ 33, ಪ್ರತಿ ವಿಷಯಕ್ಕೆ ಕನಿಷ್ಠ ಶೇ 30 ಎಂದಾಗಿದೆ. ಒಂದು ವಿಷಯದ ಮಟ್ಟಿಗೆ ಹತ್ತತ್ತರ ಗುಂಪು ಈಗ ಹೇಗೋ ಹೊಂದಿಕೊಳ್ಳುತ್ತದೆ, ಏಕೆಂದರೆ 30 ಗುಂಪಿನ ತುದಿಯಲ್ಲೇ ಇದೆ. ಒಟ್ಟು ಅಂಕದ ಪಟ್ಟಿಗೆ ಹೊಂದುವುದಿಲ್ಲ.

ಒಟ್ಟು ಅಂಕವನ್ನು ಗುಂಪಿಗೆ ಹಾಕುವುದಕ್ಕೆ ಒಳ್ಳೆಯ ಮಾದರಿ ಮಂಡಳಿಯ ಶ್ರೇಣಿಯೇ. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕ 625. 35ರ ನಿಯಮದ ಕಾಲದ ಶ್ರೇಣಿಗಳಲ್ಲಿ ಎ ಪ್ಲಸ್‌ಗೆ 563ರಿಂದ 625, ಎಗೆ 500ರಿಂದ 562, ಹೀಗೆ ಇಳಿದು ಸಿ ಪ್ಲಸ್‌ಗೆ 313ರಿಂದ 374, ಕೊನೆಯ ಸಿಗೆ 219ರಿಂದ 312. ಇಲ್ಲಿ ಎರಡು ಗುಂಪಿಗೆ ಒಂದೇ ಸಂಖ್ಯೆ ಇಲ್ಲ, ಹಿಂದಿನ ಬೆಂಚಿನ ಪ್ರಶ್ನೆ ಹುಟ್ಟುವುದೇ ಇಲ್ಲ. 625ರ ಶೇ 90 ಎಂದರೆ 562.5. ಅಷ್ಟು ಅಂಕ ಯಾರಿಗೂ ಬರುವುದಿಲ್ಲ. 562ಕ್ಕೂ 563ಕ್ಕೂ ನಡುವಿನ ಖಾಲಿ ಜಾಗದಲ್ಲಿ ಗೆರೆ ನಿಂತಿದೆ. ಸ್ತಂಭಾಲೇಖ ಬರೆಯುವಾಗ ಪುಸ್ತಕ ಕೆಳಮಿತಿಯಿಂದ 0.5 ಕಳೆದು ಮೇಲ್ಮಿತಿಗೆ 0.5 ಕೂಡಿಸು ಎನ್ನುವುದೂ ಈ ಖಾಲಿ ಜಾಗ ಮುಚ್ಚುವುದಕ್ಕೇ.

ಆದರೆ ಈ ಶ್ರೇಣಿಗಳು ಸಮ ಅಗಲದವಲ್ಲ. ಸಿ ಪ್ಲಸ್‌ನಲ್ಲಿ 62 ಅಂಕಗಳಿಗೆ ಜಾಗವಿದ್ದರೆ ಸಿಯಲ್ಲಿ 94ಕ್ಕಿದೆ. ನಮ್ಮ ತರಗತಿಯನ್ನು ಅದೇ ಶೇಕಡಾ ಲೆಕ್ಕದಲ್ಲಿ ವಿಂಗಡಿಸಿದರೆ 35–49ರಲ್ಲಿ 13, 50–59ರಲ್ಲಿ 4. ಮೂರು ಪಟ್ಟಿಗಿಂತ ಹೆಚ್ಚೆಂದು ಗಾಬರಿಯಾಗಬೇಡಿ, ಮೊದಲ ಗುಂಪಿನ ಅಗಲ 15, ಎರಡನೆಯದರದು 10. ಐದು ಅಂಕಕ್ಕೆ ಎಷ್ಟು ಮಂದಿ ಎಂದು ಭಾಗಿಸಿದರೆ ಒಂದರಲ್ಲಿ ಸುಮಾರು 4.3, ಇನ್ನೊಂದರಲ್ಲಿ 2. ವ್ಯತ್ಯಾಸ ಎರಡು ಪಟ್ಟು ಚಿಲ್ಲರೆ, ಅಷ್ಟೆ.

ಕಂಪ್ಯೂಟರಿನಲ್ಲಿ ಮಾಡುವವರು B2ರಿಂದ B33ರವರೆಗೆ ಅಂಕ ತುಂಬಿ ಹೀಗೆ ಬರೆದರೆ ಸಾಕು:

```
=COUNTIFS(B2:B33,">=35",B2:B33,"<50")
```

FREQUENCY ಬಳಸುವವರು ಎಚ್ಚರ. ಅದು ನಮ್ಮ ರೂಢಿಗೆ ತಿರುಗುಮುರುಗು, ಕೊಟ್ಟ ಮಿತಿಯನ್ನೂ ಸೇರಿಸಿ ಎಣಿಸುತ್ತದೆ. ಮಿತಿಯಾಗಿ 35 ಕೊಟ್ಟರೆ 35 ಪಡೆದ ನಾಲ್ವರೂ ಕೆಳಗಿನ ಗುಂಪಿಗೆ ಬಿದ್ದು, ನಪಾಸಾದವರು 4ರ ಬದಲು 8 ಆಗುತ್ತಾರೆ. ಮೊತ್ತ ಆಗಲೂ 30 ಬರುವುದರಿಂದ ತಪ್ಪು ಕಾಣುವುದೇ ಇಲ್ಲ. 34, 49, 59 ಹೀಗೆ ಕೊಡಬೇಕು.

ಇನ್ನು ಗೈರಾದ ಇಬ್ಬರು. ಅವರ ಮುಂದೆ ಸೊನ್ನೆ ಹಾಕಬೇಡಿ, ಹಾಕಿದರೆ ಅವರು ಸೊನ್ನೆ ಪಡೆದವರ ಜತೆ ಕೆಳಗಿನ ಗುಂಪಿಗೆ ಸೇರುತ್ತಾರೆ. ‘ಗೈರು’ ಎಂದು ಅಕ್ಷರದಲ್ಲೇ ಬರೆದರೆ ಮೇಲಿನ ಸೂತ್ರ ಅದನ್ನು ಎಣಿಸದೆ ಬಿಡುತ್ತದೆ. ಪಾಸಾದ 26 ಮಂದಿಯನ್ನು ಪರೀಕ್ಷೆಗೆ ಕೂತ 30ಕ್ಕೆ ಭಾಗಿಸಿದರೆ ಫಲಿತಾಂಶ ಶೇ 86.67, ಹಾಜರಿಯ 32ಕ್ಕೆ ಭಾಗಿಸಿದರೆ ಶೇ 81.25. ನಿಮ್ಮದು ಯಾವ ಲೆಕ್ಕ ಎಂಬುದನ್ನು ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಬರೆದುಬಿಡಿ.