ತಪ್ಪಿಗೆ ಎಷ್ಟು ದಂಡ?

ಮುನ್ಸೂಚನೆ ಹೇಳುವ ಯಾವ ಕಂಪ್ಯೂಟರ್ ಮಾದರಿಗೂ ತನ್ನ ತಪ್ಪನ್ನು ಅಳೆಯಲು ಒಂದು ಅಳತೆಗೋಲು ಬೇಕು. ಅದಕ್ಕೆ ಲಾಸ್ ಫಂಕ್ಷನ್ ಎಂದು ಹೆಸರು. ಹೇಳಿದ ಉತ್ತರ ನಿಜವಾದ ಉತ್ತರಕ್ಕಿಂತ ಇಷ್ಟು ದೂರವಿದ್ದರೆ ಇಷ್ಟು ದಂಡ ಎಂದು ಅದು ಗೊತ್ತುಮಾಡುತ್ತದೆ. ಒಟ್ಟು ದಂಡ ಆದಷ್ಟು ಕಡಿಮೆಯಾಗುವ ಉತ್ತರವನ್ನು ಹುಡುಕುವುದೇ ಮಾದರಿಯ ಕಲಿಕೆ. ಹಾಗಾಗಿ ದಂಡದ ನಿಯಮ ಬದಲಾದರೆ, ಅದೇ ಅಂಕಿಗಳಿಂದ ಬೇರೆಯೇ ಉತ್ತರ ಹೊರಡುತ್ತದೆ.

ಒಂದು ಬಸ್ಸು ಐದು ದಿನ ಒಂದೇ ದಾರಿಯಲ್ಲಿ ಓಡಿ 20, 22, 23, 25 ಮತ್ತು 60 ನಿಮಿಷ ತೆಗೆದುಕೊಂಡಿತು ಎಂದುಕೊಳ್ಳೋಣ. ಕೊನೆಯ ದಿನ ದಾರಿಯಲ್ಲಿ ಟ್ರಾಫಿಕ್ ಜಾಮ್ ಆಗಿತ್ತು. ಆರನೆಯ ದಿನಕ್ಕೆ ಒಂದೇ ಒಂದು ಸಂಖ್ಯೆ ಹೇಳಬೇಕು.

ವರ್ಗ ದೋಷದಲ್ಲಿ ಪ್ರತಿ ಅಂತರವನ್ನು ಅದರಿಂದಲೇ ಗುಣಿಸಿ ಕೂಡಿಸುತ್ತಾರೆ. ಈ ನಿಯಮಕ್ಕೆ ಅತಿ ಕಡಿಮೆ ದಂಡ ತರುವ ಸಂಖ್ಯೆ ಸರಾಸರಿ, ಅಂದರೆ 30. ಆಗ ಒಟ್ಟು ದಂಡ 1138. ಅದರಲ್ಲಿ 900 ಬಂದದ್ದು ಜಾಮ್ ಆದ ಒಂದೇ ದಿನದಿಂದ. ನಿರಪೇಕ್ಷ ದೋಷದಲ್ಲಿ ಅಂತರವನ್ನು ಇದ್ದ ಹಾಗೆಯೇ ಕೂಡಿಸುತ್ತಾರೆ, ಹೆಚ್ಚೋ ಕಡಿಮೆಯೋ ನೋಡುವುದಿಲ್ಲ. ಇಲ್ಲಿ ಗೆಲ್ಲುವುದು ಮಧ್ಯಾಂಕ, ಅಂದರೆ ಸಾಲಿನ ನಡುವಿನ 23. ಅದಕ್ಕೆ ದಂಡ 43, ಸರಾಸರಿ 30ಕ್ಕೆ 60. ಜಾಮ್ ಇನ್ನೂ ಕೆಟ್ಟದಾಗಿ 160 ನಿಮಿಷ ಹಿಡಿದಿದ್ದರೆ ಸರಾಸರಿ 50ಕ್ಕೆ ಜಿಗಿಯುತ್ತಿತ್ತು. ಮಧ್ಯಾಂಕ 23ರಿಂದ ಕದಲುತ್ತಿರಲಿಲ್ಲ.

ಇದರಿಂದ ಮಧ್ಯಾಂಕವೇ ಮೇಲು ಎನ್ನುವಂತಿಲ್ಲ. ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕರಿಗೆ ಸಾಮಾನ್ಯ ದಿನದ ಅಂದಾಜು ಸಾಕು, ಅವರಿಗೆ 23 ಸರಿ. ಆದರೆ ಚಾಲಕರ ಕೆಲಸದ ಗಂಟೆ ಲೆಕ್ಕ ಹಾಕುವ ಡಿಪೋಗೆ ಐದು ದಿನದ ಮೊತ್ತ ಬೇಕು. 23ನ್ನು ಐದರಿಂದ ಗುಣಿಸಿದರೆ 115 ಬರುತ್ತದೆ, ನಿಜವಾಗಿ ಖರ್ಚಾದದ್ದು 150. ಬಿಡಿ ಅಂದಾಜುಗಳು ಚೆನ್ನಾಗಿದ್ದೂ ಮೊತ್ತ ಮಾತ್ರ ಸದಾ ಒಂದೇ ಕಡೆಗೆ ತಪ್ಪುತ್ತಿದ್ದರೆ, ನಿರಪೇಕ್ಷ ದೋಷವನ್ನು ಅದರದ್ದಲ್ಲದ ಕೆಲಸಕ್ಕೆ ಹಚ್ಚಿದ ಸೂಚನೆ ಅದು. ಆ 60 ಬೆರಳಚ್ಚಿನ ತಪ್ಪಾಗಿದ್ದರೆ ಮಾತ್ರ ಸರಾಸರಿ ದಾರಿ ತಪ್ಪಿಸುತ್ತದೆ. ಎರಡು ನಿಯಮಗಳೂ ಕಂಪ್ಯೂಟರಿಗಿಂತ ಬಹಳ ಹಳೆಯವು: ಭೂಮಿಯ ಆಕಾರದ ಅಳತೆಗಳನ್ನು ಹೊಂದಿಸಲು ಬೊಸ್ಕೊವಿಚ್ 18ನೆಯ ಶತಮಾನದಲ್ಲೇ ನಿರಪೇಕ್ಷ ಅಂತರಗಳನ್ನು ಬಳಸಿದ, ಲಜಾಂಡ್ರ್ 1805ರಲ್ಲಿ ಧೂಮಕೇತುಗಳ ಕಕ್ಷೆಯನ್ನು ಕುರಿತ ಪುಸ್ತಕದಲ್ಲಿ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದ.

ಪ್ರಶ್ನೆ ಎಷ್ಟು ನಿಮಿಷ ಎಂಬುದಲ್ಲದೆ, ಬಸ್ಸು ತಡವಾಗುತ್ತದೆಯೇ ಇಲ್ಲವೇ ಎಂದಾದರೆ ಲೆಕ್ಕ ಬದಲಾಗುತ್ತದೆ. ಮಳೆ ಬಂದ ಸಂಜೆ ಹತ್ತರಲ್ಲಿ ಏಳು ಸಲ ತಡವಾಗುತ್ತದೆ ಎಂದಿಟ್ಟುಕೊಂಡರೆ, ಪ್ರಾಮಾಣಿಕ ಉತ್ತರ 0.7. ಇಲ್ಲಿ ನಿರಪೇಕ್ಷ ದೋಷ ಕೈಕೊಡುತ್ತದೆ: 0.7 ಎಂದವರಿಗೆ ಸರಾಸರಿ ದಂಡ 0.42, ಖಂಡಿತ ತಡ ಎಂದು 1 ಹೇಳಿದವರಿಗೆ 0.3 ಮಾತ್ರ. ಇಲ್ಲದ ಖಚಿತತೆಗೆ ಬಹುಮಾನ ಕೊಟ್ಟಂತಾಯಿತು.

ಲಾಗ್ ಲಾಸ್ ಇದನ್ನು ಸರಿಪಡಿಸುತ್ತದೆ. ನಡೆದ ಸಂಗತಿಗೆ ಮಾದರಿ ಮೊದಲೇ p ಸಂಭವನೀಯತೆ ಕೊಟ್ಟಿದ್ದರೆ ದಂಡ −ln p. 0.9 ಕೊಟ್ಟಿದ್ದರೆ ದಂಡ 0.105, 0.5 ಕೊಟ್ಟಿದ್ದರೆ 0.693, 0.01 ಕೊಟ್ಟಿದ್ದರೆ 4.6, ಸಾಧ್ಯವೇ ಇಲ್ಲ ಎಂದು ಸೊನ್ನೆ ಕೊಟ್ಟಿದ್ದರೆ ದಂಡಕ್ಕೆ ಮಿತಿಯೇ ಇಲ್ಲ. ಅದೇ ಬಸ್ಸಿಗೆ ಸದಾ 0.7 ಹೇಳಿದರೆ ಸರಾಸರಿ ದಂಡ 0.611. ಏನೂ ಗೊತ್ತಿಲ್ಲ ಎಂದು 0.5 ಹೇಳಿದರೆ 0.693, ಧೈರ್ಯ ಮಾಡಿ 0.9 ಹೇಳಿದರೆ 0.765. ಅತಿಯಾದ ಭರವಸೆ ಅಜ್ಞಾನಕ್ಕಿಂತ ದುಬಾರಿಯಾಗುವ ಈ ಗುಣವೇ ಲಾಗ್ ಲಾಸ್‌ನ ದೊಡ್ಡ ಬಲ. ದೌರ್ಬಲ್ಯವೂ ಅಲ್ಲೇ ಇದೆ: ದಾಖಲೆಯಲ್ಲಿ ಯಾರೋ ತಡ ಎಂಬಲ್ಲಿ ಸಮಯಕ್ಕೆ ಬಂತು ಎಂದು ಬರೆದಿದ್ದರೆ, ಆ ಒಂದು ಸಾಲೇ ಭಾರಿ ದಂಡ ತಂದು ಮಾದರಿಯನ್ನು ಎಳೆದಾಡುತ್ತದೆ. ಮಾದರಿ ಪ್ರಾಮಾಣಿಕವೇ ಎಂದು ನೋಡಲು, ಅದು 0.7 ಎಂದ ಸಂಜೆಗಳನ್ನೆಲ್ಲ ಒಟ್ಟುಮಾಡಿ ಅವುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ನಿಜವಾಗಿ ತಡವಾದವೇ ಎಂದು ಎಣಿಸಬೇಕು.

ಹಿಂಜ್ ಲಾಸ್‌ಗೆ ಸಂಭವನೀಯತೆಯ ಗೊಡವೆಯಿಲ್ಲ. ಅದು ಕೇಳುವುದು ಒಂದು ಅಂಕ: ತಡ ಎಂದರೆ ಧನ, ಇಲ್ಲವೆಂದರೆ ಋಣ. ಸರಿಯಾದ ಕಡೆ ಅಂಕ 1 ಅಥವಾ ಹೆಚ್ಚಿದ್ದರೆ ದಂಡ ಸೊನ್ನೆ. ಸರಿಯಾದ ಕಡೆಯೇ ಇದ್ದು ಬರೀ 0.4 ಇದ್ದರೆ ದಂಡ 0.6, ತಪ್ಪು ಕಡೆ 2ರಷ್ಟು ಹೋಗಿದ್ದರೆ 3. ಎಂದರೆ ಗೆಲುವಿನ ಜೊತೆಗೆ ಒಂದಿಷ್ಟು ಅಂತರವನ್ನೂ ಅದು ಬೇಡುತ್ತದೆ, ಆ ಅಂತರ ಸಿಕ್ಕ ಮೇಲೆ ಆ ಉದಾಹರಣೆಯನ್ನು ಮರೆತುಬಿಡುತ್ತದೆ. ಕೊರ್ಟೆಸ್ ಮತ್ತು ವಾಪ್ನಿಕ್ 1995ರಲ್ಲಿ ವಿವರಿಸಿದ ಸಪೋರ್ಟ್ ವೆಕ್ಟರ್ ವಿಧಾನದಲ್ಲಿ ಗಡಿಯನ್ನು ಹಿಡಿದು ನಿಲ್ಲಿಸುವುದು ಗಡಿಗೆ ಹತ್ತಿರವಿರುವ ಅಥವಾ ತಪ್ಪು ಬದಿಗೆ ಬಿದ್ದ ಉದಾಹರಣೆಗಳು ಮಾತ್ರ. ಆದರೆ ಹತ್ತರಲ್ಲಿ ಆರು ಸಲ ತಡವಾಗುವ ಬಸ್ಸಿಗೂ ಒಂಬತ್ತು ಸಲ ತಡವಾಗುವ ಬಸ್ಸಿಗೂ ಈ ನಿಯಮದಲ್ಲಿ ಅತ್ಯುತ್ತಮ ಅಂಕ ಒಂದೇ, ಅದು 1. ಹೌದು ಅಥವಾ ಇಲ್ಲ ಎಂಬ ತೀರ್ಪಷ್ಟೇ ಬೇಕಾದಲ್ಲಿ ಅದು ಸಾಕು. ಆಟೊ ಹಿಡಿಯಬೇಕೋ ಇನ್ನೂ ಕಾಯಬೇಕೋ ಎಂದು ಅಳೆದು ನೋಡುವವರಿಗೆ ಆ ಅಂಕದಿಂದ ಏನೂ ತಿಳಿಯದು, ಅವರಿಗೆ ಲಾಗ್ ಲಾಸ್‌ನಿಂದ ಕಲಿತ ಮಾದರಿಯೇ ಬೇಕು.